ಕ್ಲಿಪ್ ತೆಗೆಸಿದ ಮೇಲೆ ರಿಟೇನರ್ ಎಷ್ಟು ದಿನ? ಬಿಗಿತ ನೋಡಿ ತಿಳ್ಕೊಳ್ಳಿ

ಹಲ್ಲಿನ ಕ್ಲಿಪ್ ತೆಗೆದ ದಿನ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. "ಸರ್, ಎರಡು ವರ್ಷ ತಂತಿ ಹಾಕ್ಸಿದ್ದು ಸಾಲಲ್ವೇನ್ರಿ, ಇನ್ನು ಈ ರಿಟೇನರ್ ಬೇರೆ ಎಷ್ಟು ದಿನ?" ನಾನು ದಾವಣಗೆರೆಯಲ್ಲಿ ಹಲ್ಲು ಸಾಲು ಮಾಡುವ ಕೆಲಸದಲ್ಲೇ ಇರುವವನು, ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ರಿಟೇನರ್ ಅಂದರೆ ಸರಿ ಮಾಡಿದ ಹಲ್ಲು ವಾಪಸ್ ಸರಿಯದ ಹಾಗೆ ಹಿಡಿದಿಡೋ ಸಾಧನ. ಸಾಮಾನ್ಯವಾಗಿ ಮೊದಲ ಆರು ತಿಂಗಳು ಊಟ, ತಿಂಡಿ, ಹಲ್ಲುಜ್ಜೋ ಹೊತ್ತು ಬಿಟ್ಟು ಮಿಕ್ಕ ಹೊತ್ತೆಲ್ಲ ಹಾಕಬೇಕು. ಆಮೇಲೆ ರಾತ್ರಿ ಮಾತ್ರ. ಹಲ್ಲು ಈಗ ಇರೋ ಹಾಗೇ ಇರಬೇಕು ಅಂತ ನಿಮಗೆ ಎಷ್ಟು ವರ್ಷ ಅನ್ನಿಸುತ್ತೋ ಅಷ್ಟು ವರ್ಷ ರಾತ್ರಿ ಹಾಕಬೇಕು.

ಕೊನೆಯ ಮಾತು ಕೇಳಿದ ತಕ್ಷಣ ಮುಖ ಸಪ್ಪಗಾಗುತ್ತೆ, ಗೊತ್ತು. ಆದರೆ ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ರಾತ್ರಿ ಅನ್ನೋದು ಎಲ್ಲರಿಗೂ ಒಂದೇ ಲೆಕ್ಕ ಅಲ್ಲ. ಅದನ್ನು ಕ್ಯಾಲೆಂಡರ್‌ಗಿಂತ ಚೆನ್ನಾಗಿ ನಿಮ್ಮ ರಿಟೇನರೇ ಹೇಳುತ್ತೆ, ಹಾಕಿಕೊಳ್ಳುವಾಗ ಎಷ್ಟು ಬಿಗಿ ಅನ್ನಿಸಿತು ಅನ್ನೋದರ ಮೂಲಕ. ಆ ಬಿಗಿತವನ್ನು ಓದೋದು ಹೇಗೆ ಅಂತ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸರಿ ಮಾಡಿದ ಹಲ್ಲು ವಾಪಸ್ ಯಾಕೆ ಹೋಗುತ್ತೆ

ಹಲ್ಲು ದವಡೆ ಮೂಳೆಗೆ ನೇರವಾಗಿ ಅಂಟಿಕೊಂಡಿರೋದಿಲ್ಲ. ಬೇರಿಗೂ ಮೂಳೆಗೂ ನಡುವೆ ಕೂದಲೆಳೆಯಷ್ಟು ಜಾಗ ಇದೆ, ಅದರ ತುಂಬ ಸಣ್ಣ ಸಣ್ಣ ನಾರುಗಳು. ಹಲ್ಲು ತೂಗಾಡೋದು ಈ ನಾರುಗಳ ಮೇಲೆ. ಕ್ಲಿಪ್ ಹಾಕಿ ಹಲ್ಲು ಸರಿಸುವಾಗ ಒಂದು ಕಡೆ ಮೂಳೆ ಕರಗುತ್ತೆ, ಇನ್ನೊಂದು ಕಡೆ ಹೊಸದಾಗಿ ಬೆಳೆಯುತ್ತೆ, ನಾರುಗಳು ಹರಿದು ಮತ್ತೆ ಕಟ್ಟಿಕೊಳ್ಳುತ್ತವೆ. ಕ್ಲಿಪ್ ತೆಗೆದ ದಿನ ಈ ಕೆಲಸ ಇನ್ನೂ ಮುಗಿದಿರೋದಿಲ್ಲ. ಅವತ್ತು ಹಲ್ಲನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರೆ ಸ್ವಲ್ಪ ಅಲ್ಲಾಡೋದು ಗೊತ್ತಾಗುತ್ತೆ. ಹೆದರಬೇಕಾಗಿಲ್ಲ, ಅದು ಆಗಬೇಕಾದ್ದೇ.

ಬೇರಿನ ಸುತ್ತ ಇರುವ ನಾರುಗಳು ಮೂರ್ನಾಲ್ಕು ತಿಂಗಳಲ್ಲಿ ಹೊಸ ಜಾಗಕ್ಕೆ ಒಗ್ಗಿಕೊಳ್ಳುತ್ತವೆ. ಒಸಡಿನೊಳಗಿನ ದಪ್ಪ ನಾರುಗಳಿಗೆ ನಾಲ್ಕರಿಂದ ಆರು ತಿಂಗಳು ಬೇಕು. ತಲೆನೋವು ಇರೋದು ಮೂರನೇ ಗುಂಪಿನಲ್ಲಿ. ಹಲ್ಲಿನ ಕತ್ತಿನ ಹತ್ತಿರ, ಮೂಳೆಗಿಂತ ಮೇಲೆ, ಒಸಡಿನೊಳಗೆ ಎಳೆಯುವ ಗುಣದ ನಾರುಗಳಿವೆ. ಹಲ್ಲು ತಿರುಗಿಸಿದಾಗ ಇವು ಎಳೆದ ಇಲಾಸ್ಟಿಕ್ ಥರ ಬಿಗಿಯಾಗಿ ನಿಲ್ಲುತ್ತವೆ, ಬೇಗ ಬಿಡೋದೇ ಇಲ್ಲ. ನಾರ್ವೆಯ ಕಾರೆ ರೈಟಾನ್ 1959ರಲ್ಲಿ ನಾಯಿಗಳ ಹಲ್ಲು ತಿರುಗಿಸಿ ನೋಡಿದರು. ತಿರುಗಿಸಿದ ಹಲ್ಲನ್ನು ಅಲ್ಲಾಡದ ಹಾಗೆ 232 ದಿನ ಹಿಡಿದಿಟ್ಟರೂ ಒಸಡಿನ ಈ ನಾರುಗಳು ಎಳೆದುಕೊಂಡೇ ಇದ್ದವು. ಅಂದರೆ ಏಳೂವರೆ ತಿಂಗಳು. ಮೊದಲ ವರ್ಷ ರಿಟೇನರ್ ವಿಷಯದಲ್ಲಿ ನಾವು ಅಷ್ಟು ಜೋರು ಮಾಡೋದು ಇದಕ್ಕೇ. ತಿರುಚಿಕೊಂಡಿದ್ದ ಹಲ್ಲು ಎಲ್ಲದಕ್ಕಿಂತ ಬೇಗ ವಾಪಸ್ ತಿರುಗೋದೂ ಇದಕ್ಕೇ. ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇದ್ದವರದೂ ಹೆಚ್ಚುಕಮ್ಮಿ ಇದೇ ಕಥೆ, ಮುಚ್ಚಿದ ಸಂದಿ ಮತ್ತೆ ಬಾಯಿ ಬಿಡುತ್ತೆ.

ಸರಿ, ವರ್ಷ ಕಳೆದು ನಾರೆಲ್ಲ ಒಗ್ಗಿಕೊಂಡವು ಅನ್ನಿ. ಆಮೇಲೆ ಬಿಡಬಹುದಲ್ವಾ? ಇಲ್ಲಿ ಬರುತ್ತೆ ಎರಡನೇ ಕಾರಣ, ಇದಕ್ಕೂ ಕ್ಲಿಪ್‌ಗೂ ಸಂಬಂಧವೇ ಇಲ್ಲ. ಕೆಳದವಡೆ ಹದಿಹರೆಯ ಮುಗಿದ ಮೇಲೂ ಚೂರುಚೂರೇ ಬೆಳೆಯುತ್ತೆ. ತುಟಿ ಒಳಕ್ಕೆ ಒತ್ತುತ್ತೆ, ನಾಲಿಗೆ ಹೊರಕ್ಕೆ ಒತ್ತುತ್ತೆ, ಅಗಿಯುವಾಗ ಹಲ್ಲುಗಳು ಚೂರು ಮುಂದಕ್ಕೆ ಸರಿಯುತ್ತವೆ. ವಯಸ್ಸಾಗುತ್ತಾ ಕೆಳಗಿನ ಮುಂದಿನ ಹಲ್ಲುಗಳಿಗೆ ಜಾಗ ಕಡಿಮೆಯಾಗುತ್ತಾ ಹೋಗುತ್ತೆ. ಜನ್ಮದಲ್ಲಿ ಕ್ಲಿಪ್ ಹಾಕಿಸದವರ ಬಾಯಲ್ಲೂ ಇದು ಆಗುತ್ತೆ. ನಿಮ್ಮ ತಂದೆಯವರ ಕೆಳಗಿನ ಹಲ್ಲು ನೋಡಿ, ಅವರ ಮದುವೆ ಫೋಟೋದಲ್ಲಿ ನಗುತ್ತಿದ್ದರೆ ಅದನ್ನೂ ನೋಡಿ, ಗೊತ್ತಾಗುತ್ತೆ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲಿಟ್ಲ್ ಮತ್ತು ಜೊತೆಯವರು ರಿಟೇನರ್ ಬಿಟ್ಟವರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಹತ್ತು ವರ್ಷ ಆದಾಗ ಮೂರರಲ್ಲಿ ಎರಡು ಪಾಲು ಜನರ ಕೆಳಹಲ್ಲು ಮತ್ತೆ ಅಸ್ತವ್ಯಸ್ತ ಆಗಿತ್ತು. ಇಪ್ಪತ್ತು ವರ್ಷದ ಹೊತ್ತಿಗೆ ಸುಮಾರು 10% ಜನರದು ಮಾತ್ರ ಒಪ್ಪುವ ಹಾಗಿತ್ತು ಅಂತ 1988ರಲ್ಲಿ ಪ್ರಕಟಿಸಿದರು. ಯಾರದ್ದು ಉಳಿಯುತ್ತೆ, ಯಾರದ್ದು ಹೋಗುತ್ತೆ ಅಂತ ಮೊದಲೇ ಹೇಳೋಕೂ ಅವರಿಗೆ ಆಗಲಿಲ್ಲ. ನಮಗೂ ಆಗಲ್ಲ. ಅದಕ್ಕೇ ಎಲ್ಲರಿಗೂ ಹಾಕಿಸುತ್ತೇವೆ.

ಅಂದಹಾಗೆ, "ವಿಸ್ಡಮ್ ಟೂತ್ ಬಂದು ಮುಂದಿನ ಹಲ್ಲನ್ನೆಲ್ಲ ತಳ್ಳಿಬಿಡ್ತು" ಅನ್ನೋ ಮಾತು ಪ್ರತಿ ಮನೆಯಲ್ಲೂ ಇದೆ. ವಿಸ್ಡಮ್ ಟೂತ್ ತೆಗೆಸಿದವರ ಹಲ್ಲೂ ಅಷ್ಟೇ ವಕ್ರ ಆಗುತ್ತೆ. ಅದು ನೋಯುತ್ತಿದ್ದರೆ, ಕೀವು ಕಟ್ಟುತ್ತಿದ್ದರೆ ತೆಗೆಸಿ. ಮುಂದಿನ ಹಲ್ಲು ಉಳಿಸೋಕೆ ಅಂತ ಮಾತ್ರ ತೆಗೆಸಬೇಡಿ.

ನಿಮ್ಮ ಬಾಯಲ್ಲಿರೋದು ಯಾವುದು

ನಮ್ಮ ಕಡೆ ಮೂರು ಥರ ಜಾಸ್ತಿ. ಒಂದು, ಗಾಜಿನಂತೆ ಪಾರದರ್ಶಕವಾದ ತೆಳು ಪ್ಲಾಸ್ಟಿಕ್‌ನದು, ಹಲ್ಲಿನ ಮೇಲೆ ಟೊಪ್ಪಿಗೆಯಂತೆ ಕೂರುತ್ತೆ. ಎರಡು, ಅಂಗುಳಿಗೆ ಗುಲಾಬಿ ಪ್ಲೇಟ್, ಮುಂದಕ್ಕೆ ತಂತಿ ಇರೋದು. ಇದಕ್ಕೆ ಹಾಲೆ ರಿಟೇನರ್ ಅಂತಾರೆ, ಚಾರ್ಲ್ಸ್ ಹಾಲೆ 1919ರಲ್ಲಿ ಹೇಳಿದ ವಿನ್ಯಾಸ, ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ನಡೆಯುತ್ತಿದೆ. ಮೂರು, ಹಲ್ಲಿನ ಹಿಂಭಾಗಕ್ಕೆ ಅಂಟಿಸೋ ಸಣ್ಣ ತಂತಿ, ಸಾಮಾನ್ಯವಾಗಿ ಕೆಳಗೆ ಒಂದು ಕೋರೆ ಹಲ್ಲಿನಿಂದ ಇನ್ನೊಂದು ಕೋರೆ ಹಲ್ಲಿನ ತನಕ. ಬಹಳ ಜನರಿಗೆ ಮೇಲೆ ಪಾರದರ್ಶಕ, ಕೆಳಗೆ ಅಂಟಿಸಿದ ತಂತಿ, ಹೀಗೆ ಜೋಡಿ ಕೊಡುತ್ತೇವೆ. ಯಾವುದು ಮೇಲು ಅಂತ ಜಗಳಾಡೋದರಲ್ಲಿ ಅರ್ಥ ಇಲ್ಲ, ನೀವು ಹಾಕಿಕೊಳ್ಳೋದೇ ಮೇಲು. ಒಂದು ಮಾತ್ರ ನೋಡಿಕೊಳ್ಳಿ. ಪಾರದರ್ಶಕ ರಿಟೇನರ್ ಕಟ್ಟಕಡೆಯ ದವಡೆ ಹಲ್ಲನ್ನೂ ಮುಚ್ಚಿರಬೇಕು. ಅದನ್ನು ಬಿಟ್ಟು ಕತ್ತರಿಸಿದ್ದರೆ ಆ ಹಲ್ಲು ನಿಧಾನಕ್ಕೆ ಇಳಿದುಬಿಡಬಹುದು, ಆಮೇಲೆ ಬಾಯಿ ಮುಚ್ಚಿದರೆ ಅದೊಂದೇ ಮೊದಲು ತಾಗುತ್ತೆ.

ಮೊದಲ ಹೆಜ್ಜೆ: ಕ್ಲಿಪ್ ತೆಗೆದ ವಾರ

ಕ್ಲಿಪ್ ತೆಗೆದ ದಿನವೇ, ತಪ್ಪಿದರೆ ಮಾರನೇ ದಿನವೇ ರಿಟೇನರ್ ಕೈಗೆ ಸಿಗಬೇಕು. ಆ ಮೊದಲ ಕೆಲವು ದಿನ ಹಲ್ಲು ಓಡೋ ಸ್ಪೀಡ್ ಬೇರೆ ಯಾವತ್ತೂ ಇರೋದಿಲ್ಲ. "ಲ್ಯಾಬ್‌ಗೆ ಕಳಿಸಿದೀವಿ, ಹತ್ತು ದಿನ ಆಗುತ್ತೆ" ಅಂದರೆ, ಅಲ್ಲೀವರೆಗೆ ಏನಾದರೂ ತಾತ್ಕಾಲಿಕದ್ದು ಕೊಡ್ತೀರಾ ಅಂತ ಕೇಳಿ. ಸಂಕೋಚ ಬೇಡ.

ಹಾಕುವಾಗ ನೀರಲ್ಲಿ ಒದ್ದೆ ಮಾಡಿ, ಮುಂದಿನ ಹಲ್ಲಿನ ಮೇಲೆ ಇಟ್ಟು, ಆಮೇಲೆ ಎರಡೂ ಕಡೆ ದವಡೆ ಹಲ್ಲಿನ ಮೇಲೆ ಹೆಬ್ಬೆರಳಲ್ಲೋ ತೋರುಬೆರಳಲ್ಲೋ ಒತ್ತಿ. 'ಟಕ್' ಅಂತ ಕೂರುತ್ತೆ. ಹಲ್ಲು ಕಚ್ಚಿ ಕೂರಿಸಬೇಡಿ. ಹುಡುಗರು ಎಲ್ಲರೂ ಮಾಡೋದು ಇದನ್ನೇ, ಪ್ಲಾಸ್ಟಿಕ್ ಬಿರುಕು ಬಿಡೋದೂ ಅಲ್ಲೇ. ತೆಗೆಯುವಾಗ ಹಿಂದಿನಿಂದ, ಒಳಬದಿಗೆ ಉಗುರು ಹಾಕಿ ಒಂದು ಕಡೆ ಬಿಡಿಸಿ, ಆಮೇಲೆ ಇನ್ನೊಂದು ಕಡೆ. ಒಂದೇ ಕಡೆಯಿಂದ ಎಳೆದು ಬಗ್ಗಿಸಬೇಡಿ. ಹಾಲೆ ಪ್ಲೇಟ್ ಆದರೆ ಮುಂದಿನ ತಂತಿ ಹಿಡಿದು ಎಳೆಯಲೇಬಾರದು, ತಂತಿ ಬಗ್ಗಿದರೆ ಅದು ಹಲ್ಲನ್ನು ಹಿಡಿಯೋ ಬದಲು ತಾನೇ ತಳ್ಳೋಕೆ ಶುರು ಮಾಡುತ್ತೆ.

ಮೊದಲ ದಿನಗಳಲ್ಲಿ ಎಂಜಲು ಜಾಸ್ತಿ ಬರುತ್ತೆ, 'ಸ' ಮತ್ತು 'ಶ' ಹೇಳುವಾಗ ನಾಲಿಗೆ ತೊದಲುತ್ತೆ. ಪೇಪರ್ ತಗೊಂಡು ಜೋರಾಗಿ ಓದಿ, ಬೇಗ ಸರಿ ಹೋಗುತ್ತೆ.

ಎರಡನೇ ಹೆಜ್ಜೆ: ಮೊದಲ ಆರು ತಿಂಗಳು

ದಿನಕ್ಕೆ ಇಪ್ಪತ್ತು ಗಂಟೆ ಮೇಲೆ ಬಾಯಲ್ಲಿರಬೇಕು. ಸ್ಕೂಲು, ಕಾಲೇಜು, ಆಫೀಸು, ನಿದ್ದೆ, ಎಲ್ಲ ಹೊತ್ತಲ್ಲೂ. ತಿನ್ನುವಾಗ ತೆಗೀರಿ. ನೀರು ಬಿಟ್ಟು ಬೇರೆ ಏನು ಕುಡಿಯುವಾಗಲೂ ತೆಗೀರಿ. ಕಾಫಿ, ಟೀ ರಿಟೇನರ್ ಒಳಗೆ ಸೇರಿ ಹಲ್ಲಿಗೇ ಅಂಟಿಕೊಂಡು ನಿಲ್ಲುತ್ತೆ, ಸಕ್ಕರೆ ಬಿದ್ದರಂತೂ ಹುಳುಕಿಗೆ ಹಬ್ಬ. ಬಿಸಿ ಟೀಗೆ ಪ್ಲಾಸ್ಟಿಕ್ ಸ್ವಲ್ಪ ಮೆದುವಾಗಿ ಆಕಾರ ಕೆಡಲೂಬಹುದು.

ಈಗ, ಕೆಲವು ಡಾಕ್ಟರು ಪಾರದರ್ಶಕ ರಿಟೇನರನ್ನು ಮೊದಲ ದಿನದಿಂದಲೇ ರಾತ್ರಿ ಮಾತ್ರ ಹಾಕಿ ಅಂತಾರೆ. ಅದು ತಪ್ಪಲ್ಲ. ಎರಡೂ ರೀತಿ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ನಿಮ್ಮ ಹಲ್ಲು ನೋಡಿದವರು ಹಾಗೆ ಹೇಳಿದ್ದರೆ ಹಾಗೇ ಮಾಡಿ. ಹಲ್ಲು ತುಂಬ ತಿರುಗಿತ್ತು, ಸಂದಿ ಇತ್ತು, ಹಲ್ಲು ಕಿತ್ತು ಜಾಗ ಮುಚ್ಚಿದ್ದು ಅಂದರೆ ನಾನಂತೂ ಹಗಲೂ ಹಾಕಿಸಿಯೇ ತೀರುತ್ತೇನೆ. ರಾತ್ರಿ ಮಾತ್ರ ಅಂದಾಗ ರಾತ್ರಿಯೂ ಮರೆಯುವವರಿದ್ದಾರೆ, ಅದೂ ಒಂದು ಕಾರಣ ಅನ್ನಿ.

ಡಬ್ಬಿ ಯಾವಾಗಲೂ ಜೊತೆಗಿರಲಿ. ನಾನು ನೋಡಿದ ಹಾಗೆ ರಿಟೇನರ್ ಮುರಿದು ಹಾಳಾಗೋದಕ್ಕಿಂತ ಕಳೆದು ಹಾಳಾಗೋದೇ ಜಾಸ್ತಿ, ಅದೂ ಊಟದ ಜಾಗದಲ್ಲಿ. ಬೆಣ್ಣೆ ದೋಸೆ ತಿನ್ನೋಕೆ ಕೂತು ತೆಗೆದು ಟಿಶ್ಯೂ ಪೇಪರಲ್ಲಿ ಸುತ್ತಿಡುತ್ತಾರೆ, ಹುಡುಗ ಬಂದು ಟೇಬಲ್ ಒರೆಸಿಕೊಂಡು ಹೋಗುತ್ತಾನೆ. ಮಂಡಕ್ಕಿ ಮಿರ್ಚಿ ಪೇಪರ್ ಜೊತೆ ಮುದುಡಿ ಎಸೆದವರಿದ್ದಾರೆ. ಮದುವೆ ಮನೆಯಲ್ಲಿ ಎಲೆ ತುದಿಗೆ, ಉಪ್ಪಿನಕಾಯಿ ಪಕ್ಕ ಇಟ್ಟು, ಪಾಯಸ ಮುಗಿಸಿ, ಎಲೆ ಮಡಚಿ ಎದ್ದುಬಿಡೋದು. ಕೈ ತೊಳೆಯುವಾಗ ನೆನಪಾಗುತ್ತೆ, ಅಷ್ಟು ಹೊತ್ತಿಗೆ ಪಂಕ್ತಿಯ ಎಲೆಯೆಲ್ಲ ಎತ್ತಿಬಿಟ್ಟಿರುತ್ತಾರೆ.

ಮೂರನೇ ಹೆಜ್ಜೆ: ಬಿಗಿತ ನೋಡಿ ಗಂಟೆ ಇಳಿಸೋದು

ರಿಟೇನರ್ ಹಲ್ಲನ್ನು ಎಳೆಯೋದಿಲ್ಲ, ಸುಮ್ನೆ ಹಿಡಿದುಕೊಂಡಿರುತ್ತೆ. ಹಲ್ಲು ನೆನ್ನೆ ಇದ್ದಲ್ಲೇ ಇದ್ದರೆ ರಿಟೇನರ್ ಸಲೀಸಾಗಿ ಕೂರಬೇಕು. ಹಾಕಿದಾಗ ಬಿಗಿ ಅನ್ನಿಸಿತು ಅಂದರೆ, ತೆಗೆದಿಟ್ಟ ಹೊತ್ತಿನಲ್ಲಿ ಹಲ್ಲು ಚೂರು ಸರಿದಿದೆ, ರಿಟೇನರ್ ಅದನ್ನು ವಾಪಸ್ ತಳ್ಳುತ್ತಿದೆ ಅಂತ ಅರ್ಥ. ಎಷ್ಟು ಹೊತ್ತು ಬಿಟ್ಟಿದ್ದಿರಿ, ಎಷ್ಟು ಬಿಗಿ ಆಯಿತು ಅನ್ನೋದು ನಿಮ್ಮ ಹಲ್ಲಿನ ಗುಣ ಹೇಳಿಬಿಡುತ್ತೆ.

ಆರು ತಿಂಗಳಾದ ಮೇಲೆ ಹೀಗೆ ಮಾಡಿ. ಹಗಲು ಬಿಟ್ಟು ರಾತ್ರಿ ಮಾತ್ರ ಹಾಕಲು ಶುರು ಮಾಡಿ. ರಾತ್ರಿ ಹಾಕುವಾಗ ಗಮನಿಸಿ. ಮೊದಲ ವಾರ ಸ್ವಲ್ಪ ಬಿಗಿ ಇದ್ದು, ಆಮೇಲೆ ಅದು ಕಡಿಮೆಯಾಗುತ್ತಾ ಬಂದರೆ ಸರಿ ಇದೆ. ಎರಡು ವಾರ ಆದರೂ ಪ್ರತಿ ರಾತ್ರಿ ಬಿಗಿಯಾಗೇ ಇದೆ, ಬೆಳಿಗ್ಗೆ ಹಲ್ಲು ಜುಮ್ ಅನ್ನುತ್ತೆ ಅಂದರೆ ನಿಮ್ಮ ಹಲ್ಲು ಇನ್ನೂ ತಯಾರಿಲ್ಲ. ಸಂಜೆ ಮನೆಗೆ ಬಂದಾಗಿಂದಲೇ ಹಾಕಿ, ಹೀಗೆ ಇನ್ನೊಂದೆರಡು ತಿಂಗಳು ಮುಂದುವರಿಸಿ, ಮತ್ತೆ ಪರೀಕ್ಷೆ ಮಾಡಿ.

ಪ್ರತಿ ರಾತ್ರಿ ಹಾಕೋದು ಕಡಿಮೆ ಅಂದರೂ ಕ್ಲಿಪ್ ತೆಗೆದ ದಿನದಿಂದ ಒಂದು ವರ್ಷ ಆಗುವ ತನಕ. ಇನ್ನೂ ಬೆಳೆಯುತ್ತಿರುವ ಹುಡುಗ ಹುಡುಗಿಯರಾದರೆ ಬೆಳವಣಿಗೆ ಮುಗಿಯುವ ತನಕ. ಅಲ್ಲಿಂದ ಮುಂದೆ ಬೇಕಾದರೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಮಾಡಿ ನೋಡಿ. ಬಿಗಿ ಇಲ್ಲದಿದ್ದರೆ ಕೆಲವು ತಿಂಗಳು ಹಾಗೇ ಇದ್ದು, ಆಮೇಲೆ ವಾರಕ್ಕೆ ಎರಡು ಮೂರು ರಾತ್ರಿಗೆ ಇಳಿಸಿ. ಎಲ್ಲಿ ಬಿಗಿ ಶುರುವಾಯಿತೋ ಅಲ್ಲಿಂದ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ಅದೇ ನಿಮ್ಮ ಲೆಕ್ಕ. ಒಬ್ಬರಿಗೆ ವಾರಕ್ಕೆ ಎರಡು ರಾತ್ರಿ ಸಾಕಾಗುತ್ತೆ, ಇನ್ನೊಬ್ಬರಿಗೆ ಮೂರು ವರ್ಷ ಆದರೂ ಎರಡು ರಾತ್ರಿ ಬಿಟ್ಟರೆ ಸಾಕು, ಬಿಗಿಯಾಗಿಬಿಡುತ್ತೆ. ಪಕ್ಕದ ಮನೆಯವರ ಲೆಕ್ಕ ನಿಮಗೆ ಆಗೋದಿಲ್ಲ.

ಬಿಗಿತದ ಜೊತೆ ಕಣ್ಣಿಗೂ ಕೆಲಸ ಕೊಡಿ. ಪಾರದರ್ಶಕ ರಿಟೇನರ್ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಬಿಡಿ. ಹಲ್ಲಿನ ಅಂಚು ಪ್ಲಾಸ್ಟಿಕ್‌ಗೆ ಒತ್ತಿಕೊಂಡಿರಬೇಕು. ಯಾವುದಾದರೂ ಹಲ್ಲಿನ ತುದಿಯಲ್ಲಿ ಗಾಳಿ ಗುಳ್ಳೆಯಂಥ ಖಾಲಿ ಜಾಗ ಕಂಡರೆ ಆ ಹಲ್ಲು ಹೊರಟಿದೆ ಅಂತ.

ಒಂದು ಉದಾಹರಣೆ

ಜಗಳೂರು ಕಡೆಯ ಒಬ್ಬ ಹುಡುಗಿ. ಮೇಲಿನ ಕೋರೆ ಹಲ್ಲು ಎರಡೂ ಮೇಲಕ್ಕೆ ಎದ್ದಿದ್ದವು, ಮುಂದಿನ ಹಲ್ಲಿನ ಪಕ್ಕದ್ದು ಎಡಗಡೆ ಪೂರ್ತಿ ತಿರುಚಿಕೊಂಡಿತ್ತು. ನಾಲ್ಕು ಹಲ್ಲು ತೆಗೆದು ಎರಡು ವರ್ಷ ಕ್ಲಿಪ್ ಹಾಕಿ ಸರಿ ಮಾಡಿದ್ದು. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಕ್ಲಿಪ್ ತೆಗೆದೆವು. ಮೇಲೆ ಪಾರದರ್ಶಕ ರಿಟೇನರ್, ಕೆಳಗೆ ಅಂಟಿಸಿದ ತಂತಿ. ರಜೆ ಪೂರ್ತಿ ಚೆನ್ನಾಗಿ ಹಾಕಿದಳು. ಪಿಯುಸಿ ಹಾಸ್ಟೆಲ್ ಸೇರಿದ ಮೇಲೆ ರಾತ್ರಿ ಮಾತ್ರ ಆಯಿತು, ದಸರಾ ಹೊತ್ತಿಗೆ ಅದೂ ನಿಂತಿತು. ಕ್ಲಿಪ್ ತೆಗೆದು ಆಗ ಐದು ತಿಂಗಳು, ಅಂದರೆ ಒಸಡಿನ ಎಳೆಯೋ ನಾರುಗಳು ಇನ್ನೂ ಬಿಗಿಯಾಗೇ ಇರುವ ಕಾಲ.

ದೀಪಾವಳಿಗೆ ಮನೆಗೆ ಬಂದಾಗ ಅವರಮ್ಮ ಡಬ್ಬಿ ತೆಗೆದು ಹಾಕಿಕೋ ಅಂದರಂತೆ. ಕೂರಲಿಲ್ಲ. ಮಾರನೇ ದಿನ ಕರೆದುಕೊಂಡು ಬಂದರು. "ಸರ್, ಕನ್ನಡೀಲಿ ನೋಡಿದ್ರೆ ಎಲ್ಲ ನೆಟ್ಟಗೇ ಇದೆ, ಇದ್ಯಾಕೆ ಹಿಡಿಯವಲ್ದು?" ಅಂತ ಕೇಳಿದರು. ಹೌದು, ಕಣ್ಣಿಗೆ ನೆಟ್ಟಗೇ ಕಾಣುತ್ತಿತ್ತು. ರಿಟೇನರ್ ಕೂರಿಸಿ ಬೆರಳಲ್ಲಿ ಒತ್ತಿದಾಗ ಹಿಂದಿನ ಹಲ್ಲು, ಕೋರೆ ಹಲ್ಲು ಎಲ್ಲ ಕೂತವು. ಎಡಗಡೆ ಆ ತಿರುಚಿದ್ದ ಹಲ್ಲಿನ ಮೇಲೆ ಮಾತ್ರ ಅರ್ಧ ಮಿಲಿಮೀಟರ್‌ನಷ್ಟು ಖಾಲಿ. ಬೇರೆ ಹಲ್ಲಲ್ಲ, ಅದೇ ಹಲ್ಲು. ಮೊದಲು ಎಲ್ಲಿ ತಿರುಗಿತ್ತೋ ಅತ್ತ ಕಡೆಗೇ ಹೊರಟಿತ್ತು.

ಇಲ್ಲಿ ತೀರ್ಮಾನ ಮಾಡಬೇಕಾದ್ದು ಒಂದೇ. ಹಳೆ ರಿಟೇನರ್ ಇನ್ನೂ ಕೆಲಸ ಮಾಡುತ್ತಾ, ಇಲ್ವಾ? ಬೆರಳಲ್ಲಿ ಒತ್ತಿದರೆ ಹೆಚ್ಚುಕಮ್ಮಿ ಪೂರ್ತಿ ಕೂತು, ಕೈ ಬಿಟ್ಟ ಮೇಲೂ ಎದ್ದು ಬರದೆ ನಿಂತರೆ ಮಾಡುತ್ತೆ. ಇವಳದು ನಿಂತಿತು. ಊಟಕ್ಕೆ ಬಿಟ್ಟು ಇಡೀ ದಿನ ಹಾಕು, ಬೆಳಿಗ್ಗೆ ಸಂಜೆ ಟಾರ್ಚ್ ಬಿಟ್ಟು ಆ ಖಾಲಿ ಜಾಗ ನೋಡು ಅಂತ ಹೇಳಿದೆ. ಮೂರ್ನಾಲ್ಕು ದಿನ ಹಲ್ಲು ನೋವು, ಅಗಿಯೋಕೆ ಕಷ್ಟ. ಎರಡನೇ ವಾರಕ್ಕೆ ಖಾಲಿ ಜಾಗ ಮುಚ್ಚಿತು. ಮುಚ್ಚಿತು ಅಂತ ರಾತ್ರಿಗೆ ಇಳಿಸಲಿಲ್ಲ. ಹಲ್ಲು ಮತ್ತೆ ಸರಿದಿದೆ, ನಾರು ಮತ್ತೆ ಎಳೆದಿದೆ, ಲೆಕ್ಕ ಮತ್ತೆ ಮೊದಲಿಂದ ಶುರು. ಇನ್ನೂ ಮೂರು ತಿಂಗಳು ಹಗಲೂ ಹಾಕಿಸಿದೆ, ಆಮೇಲೆ ರಾತ್ರಿ.

ಕೂರದೇ ಇದ್ದಿದ್ದರೆ? ಒತ್ತಿ ಒತ್ತಿ ಕೂರಿಸೋ ಸಾಹಸ ಮಾಡಬಾರದು. ಬಲವಂತಕ್ಕೆ ರಿಟೇನರ್ ಬಿರುಕು ಬಿಡುತ್ತೆ, ಇಲ್ಲಾ ಹಲ್ಲಿಗೆ ಅಡ್ಡಾದಿಡ್ಡಿ ಒತ್ತಡ ಬೀಳುತ್ತೆ. ಅಂಥ ಹೊತ್ತಲ್ಲಿ ಎರಡು ದಾರಿ. ಹಲ್ಲು ಈಗ ಇರೋ ಹಾಗೇ ಹೊಸ ರಿಟೇನರ್ ಮಾಡಿಸಿ ಅಲ್ಲಿಗೇ ನಿಲ್ಲಿಸೋದು, ಅಥವಾ ಒಂದೆರಡು ಹಲ್ಲಿಗೆ ಮಾತ್ರ ಕ್ಲಿಪ್ ಇಲ್ಲವೇ ತಂತಿ ಇಲ್ಲದೆ ಹಲ್ಲು ಸರಿಸೋ ಪಾರದರ್ಶಕ ಪ್ಲಾಸ್ಟಿಕ್ ಅಲೈನರ್ ಹಾಕಿ ಕೆಲವು ತಿಂಗಳಲ್ಲಿ ತಿದ್ದೋದು. ಪದೇ ಪದೇ ತಿರುಗುವ ಹಲ್ಲಾದರೆ ಮರಗಟ್ಟಿಸಿ, ಹಲ್ಲಿನ ಕತ್ತಿನ ಸುತ್ತ ಆ ಎಳೆಯೋ ನಾರುಗಳನ್ನು ಬ್ಲೇಡಿನಲ್ಲಿ ಬಿಡಿಸುವ ಸಣ್ಣ ಚಿಕಿತ್ಸೆಯೂ ಇದೆ. ಹಲ್ಲನ್ನು ಸರಿಯಾದ ಜಾಗಕ್ಕೆ ತಂದ ಮೇಲೆ ಮಾಡೋದು. ಆಮೇಲೂ ರಿಟೇನರ್ ತಪ್ಪೋದಿಲ್ಲ.

ಇವಳ ಕೆಳಗಿನ ತಂತಿ ನೋಡಿದರೆ ಅಲ್ಲಿ ಇನ್ನೊಂದು ಕಥೆ. ಬಲಗಡೆ ಒಂದು ಹಲ್ಲಿನ ಮೇಲೆ ಅಂಟು ಬಿಟ್ಟಿತ್ತು. ತಂತಿ ಮಾತ್ರ ಜಾಗದಲ್ಲೇ ಇತ್ತು, ಹಾಗಾಗಿ ಅವಳಿಗೆ ಗೊತ್ತೇ ಇರಲಿಲ್ಲ. ಹಲ್ಲು ಇನ್ನೂ ಸರಿದಿರಲಿಲ್ಲ, ಅವತ್ತೇ ಅಂಟಿಸಿ ಕಳಿಸಿದೆ.

ಅಂಟಿಸಿದ ತಂತಿ ಇದ್ದವರಿಗೆ

"ತಂತಿ ಅಂಟಿಸಿದಾರೆ, ಇನ್ನೇನು ಚಿಂತೆ ಇಲ್ಲ" ಅನ್ನೋದೇ ಇದರ ದೊಡ್ಡ ಅಪಾಯ. ಆರು ಹಲ್ಲಲ್ಲಿ ಐದಕ್ಕೆ ಹಿಡಿದಿದ್ದು ಒಂದಕ್ಕೆ ಬಿಟ್ಟರೆ ಬಾಯಿಗೆ ಗೊತ್ತಾಗೋದಿಲ್ಲ, ಆ ಒಂದು ಹಲ್ಲು ಸದ್ದಿಲ್ಲದೆ ಹೊರಡುತ್ತೆ. ವಾರಕ್ಕೊಮ್ಮೆ ಹಲ್ಲುಜ್ಜಿದ ಮೇಲೆ ನಾಲಿಗೆ ತುದಿಯಲ್ಲಿ ಒಂದೊಂದೇ ಅಂಟಿನ ಚುಕ್ಕೆ ಮುಟ್ಟಿ ನೋಡಿ. ಚೂಪು ಅನ್ನಿಸಿದರೆ, ತಂತಿಯನ್ನು ಉಗುರಲ್ಲಿ ಮೆಲ್ಲಗೆ ಮೀಟಿದಾಗ ಎಲ್ಲಾದರೂ ಅಲ್ಲಾಡಿದರೆ, ಅಂಟಿನ ಅಂಚಿಗೆ ಕಂದು ಗೆರೆ ಕಂಡರೆ ಆ ವಾರವೇ ತೋರಿಸಿ. ಅಪರೂಪಕ್ಕೆ, ಅಂಟೆಲ್ಲ ಗಟ್ಟಿ ಇದ್ದೂ ತಂತಿ ತಾನೇ ಬಗ್ಗಿ ಒಂದು ಹಲ್ಲನ್ನು ಹೊರಕ್ಕೆ ಹೊರಳಿಸಿಬಿಡುತ್ತೆ. ಒಂದು ಹಲ್ಲಿನ ಒಸಡು ಮಾತ್ರ ಕೆಳಗಿಳಿಯುತ್ತಿದೆ, ಬೇರು ಉಬ್ಬಿ ಕಾಣುತ್ತಿದೆ ಅಂದರೆ ತಡ ಮಾಡಬೇಡಿ, ಆ ತಂತಿ ತೆಗೆಯಬೇಕಾಗುತ್ತೆ.

ಮುಂದಿನ ಹಲ್ಲಲ್ಲಿ ಕಬ್ಬು ಸೀಳೋದು, ಒಣ ಕೊಬ್ಬರಿ ಕಚ್ಚೋದು, ಖಡಕ್ ರೊಟ್ಟಿ ಮುರಿಯೋದು ಇವೆಲ್ಲ ಅಂಟಿಗೆ ಶತ್ರು. ಚೂರು ಮಾಡಿಕೊಂಡು ದವಡೆಯಲ್ಲಿ ಅಗಿಯಿರಿ. ಕೆಳಹಲ್ಲಿನ ಹಿಂದೆ ಪಾಚಿ ಬೇಗ ಕಟ್ಟುತ್ತೆ, ತಂತಿ ಇದ್ದರೆ ಇನ್ನೂ ಬೇಗ. ತಂತಿ ಕೆಳಗೆ ತೂರಿಸುವ ಫ್ಲಾಸ್ ಅಥವಾ ಸಂದಿ ಬ್ರಷ್ ಕೇಳಿ ತಗೊಳ್ಳಿ, ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸಿ.

ತೊಳೆಯೋದು, ಇಡೋದು

ತಣ್ಣೀರು, ಮೆದು ಬ್ರಷ್, ಒಂದು ಹನಿ ಸೋಪಿನ ನೀರು. ಅಷ್ಟೇ. ಟೂತ್‌ಪೇಸ್ಟ್ ಬೇಡ, ಅದರಲ್ಲಿರೋ ನುಣ್ಣನೆ ಪುಡಿ ಪ್ಲಾಸ್ಟಿಕ್ ಮೇಲೆ ಗೀರು ಎಳೆಯುತ್ತೆ, ಗೀರಲ್ಲಿ ಕೊಳೆ ಕೂತು ವಾಸನೆ ಶುರುವಾಗುತ್ತೆ. ಬಿಸಿನೀರಂತೂ ಬೇಡವೇ ಬೇಡ. ಕ್ರಿಮಿ ಸಾಯಲಿ ಅಂತ ಕುದಿಯೋ ನೀರಿಗೆ ಹಾಕಿದ ಅಜ್ಜಿಯಂದಿರಿದ್ದಾರೆ, ಹೊರಗೆ ತೆಗೆದಾಗ ಯಾರ ಹಲ್ಲಿಗೂ ಆಗದ ಆಕಾರ ಬಂದಿರುತ್ತೆ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಸೀಟ್ ಕೆಳಗಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್ ಕೂಡ ಅದೇ ಲೆಕ್ಕ.

ಬೋರ್‌ವೆಲ್ ನೀರು ಬಳಸೋ ಮನೆಗಳಲ್ಲಿ ರಿಟೇನರ್ ಮೇಲೆ ಬಿಳಿ ಪದರ ಕೂರುತ್ತೆ, ಬಕೆಟ್ಟಿಗೆ ಕೂರೋ ಥರದ್ದೇ. ಅರ್ಧ ಲೋಟ ನೀರಿಗೆ ಅಷ್ಟೇ ಬಿಳಿ ವಿನೆಗರ್ ಬೆರೆಸಿ ಹತ್ತಿಪ್ಪತ್ತು ನಿಮಿಷ ನೆನೆಸಿ, ಬ್ರಷ್ ಮಾಡಿ, ಚೆನ್ನಾಗಿ ತೊಳೆಯಿರಿ. ಹಾಲೆ ಪ್ಲೇಟಿನ ತಂತಿಗೆ ಇದನ್ನು ಪದೇ ಪದೇ ಮಾಡಬೇಡಿ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಎತ್ತರದಲ್ಲಿಡಿ. ಎಂಜಲಿನ ವಾಸನೆಗೆ ನಾಯಿಗಳು ರಿಟೇನರನ್ನು ಹುಡುಕಿಕೊಂಡು ಹೋಗಿ ಕಡಿಯುತ್ತವೆ, ತಮಾಷೆ ಅಲ್ಲ.

ಕಳೆದುಹೋದರೆ

ಅವತ್ತೇ ಫೋನ್ ಮಾಡಿ. ಕ್ಲಿಪ್ ತೆಗೆದು ಆರು ತಿಂಗಳೊಳಗಾದರೆ ಒಂದು ವಾರ ಕೂಡ ಉದ್ದ ಸಮಯ. "ಮುಂದಿನ ತಿಂಗಳು ಹೆಂಗೂ ಚೆಕಪ್ ಇದೆ, ಅವಾಗ ಹೇಳಿದರಾಯ್ತು" ಅಂತ ಬಿಟ್ಟರೆ, ಬಂದಾಗ ಹೊಸ ಅಚ್ಚು ತೆಗೆದು ಮಾಡೋ ರಿಟೇನರ್ ಸರಿದ ಹಲ್ಲನ್ನು ಸರಿದಲ್ಲೇ ಹಿಡಿಯುತ್ತೆ. ಹಳೆಯ ರಿಟೇನರ್ ಯಾವುದಾದರೂ ಇದ್ದರೆ, ಅಲೈನರ್ ಚಿಕಿತ್ಸೆ ಆಗಿದ್ದರೆ ಕೊನೆಯ ಅಲೈನರ್ ಇದ್ದರೆ, ಹೊಸದು ಬರುವ ತನಕ ಅದನ್ನೇ ಹಾಕಿ. ಹೊಸ ರಿಟೇನರ್ ಖರ್ಚು ಮತ್ತೆ ಕ್ಲಿಪ್ ಹಾಕಿಸೋ ಖರ್ಚಿನ ಮುಂದೆ ಏನೇನೂ ಅಲ್ಲ. ಇಲ್ಲಿ ಮತ್ತು ಚಿತ್ರದುರ್ಗದಲ್ಲಿ ಡೆಂಟಲ್ ಕಾಲೇಜುಗಳಿವೆ, ಕ್ಲಿಪ್ ಹಾಕಿದವರು ಊರು ಬಿಟ್ಟು ಹೋಗಿದ್ದರೆ ಅಲ್ಲಿನ ಆರ್ಥೋಡಾಂಟಿಕ್ಸ್ ವಿಭಾಗಕ್ಕೆ ಹೋಗಿ ಕೇಳಬಹುದು.

ಕಳೆಯದಿದ್ದರೂ ಪಾರದರ್ಶಕ ರಿಟೇನರ್ ಶಾಶ್ವತ ಅಲ್ಲ. ಒಂದೆರಡು ವರ್ಷ, ಜೋಪಾನ ಮಾಡಿದರೆ ಇನ್ನೂ ಸ್ವಲ್ಪ. ನಿದ್ದೆಯಲ್ಲಿ ಹಲ್ಲು ಕಡಿಯುವವರದು ಬೇಗ ತೂತು ಬೀಳುತ್ತೆ. ಇಲ್ಲಿ ಒಂದು ಮೋಸ ಇದೆ. ಹಿಗ್ಗಿದ ರಿಟೇನರ್ ಕೂಡ ಸಲೀಸಾಗೇ ಕೂರುತ್ತೆ, ಬಿಗಿ ಇಲ್ಲ ಅಂತ ನೀವು ಖುಷಿಪಡುತ್ತೀರಿ. ನಾಲಿಗೆಯಲ್ಲಿ ತಳ್ಳಿದರೆ ಕೆಳಗೆ ಬೀಳುವಷ್ಟು ಸಡಿಲ ಆದಾಗ ಬಿಗಿತದ ಪರೀಕ್ಷೆಗೆ ಅರ್ಥ ಇಲ್ಲ. ಬದಲಾಯಿಸಿ.

ವರ್ಷಗಳಾದ ಮೇಲೆ

ಮೂವತ್ತರ ಹತ್ತಿರದವರು, ಮದುವೆ ಗೊತ್ತಾದವರು, ಹತ್ತು ವರ್ಷದ ಹಿಂದಿನ ಡಬ್ಬಿ ಹುಡುಕಿ ತಂದು ತೋರಿಸುತ್ತಾರೆ. ಅದು ಈಗ ಕೂರೋದಿಲ್ಲ, ಕೂರಿಸಲೂಬಾರದು. ಅಷ್ಟು ವರ್ಷದ ಮೇಲೆ ಹಲ್ಲು ಸರಿದಿದ್ದರೆ ಅದು ಒಸಡಿನ ನಾರಿನ ಕೆಲಸ ಅಲ್ಲ, ವಯಸ್ಸಿನದು. ನೀವು ಮತ್ತು ಡಾಕ್ಟರು ಕೂತು ಎಷ್ಟು ಸರಿ ಮಾಡಬೇಕು, ಇಲ್ಲಿಗೇ ನಿಲ್ಲಿಸಿದರೆ ಸಾಕಾ ಅಂತ ಮಾತಾಡಬೇಕು. ಮದುವೆಗೆ ಎರಡು ತಿಂಗಳಿದೆ ಅಂದರೆ ನಿಲ್ಲಿಸೋದೇ ವಾಸಿ ಅಂತ ನಾನು ಹೇಳುತ್ತೇನೆ.

ಓದಿಗೋ ಕೆಲಸಕ್ಕೋ ಬೆಂಗಳೂರು, ಹುಬ್ಬಳ್ಳಿ ಕಡೆ ಹೋಗುವವರು ಹೊರಡುವ ಮುಂಚೆ ಎರಡು ಕೆಲಸ ಮಾಡಿಸಿಕೊಳ್ಳಿ. ಒಂದು, ಇನ್ನೊಂದು ಜೊತೆ ರಿಟೇನರ್, ಮನೆಯಲ್ಲೇ ಇಟ್ಟು ಹೋಗೋಕೆ. ಎರಡು, ಕ್ಲಿಪ್ ತೆಗೆದ ದಿನದ ಹಲ್ಲಿನ ಗಟ್ಟಿ ಪ್ಲಾಸ್ಟರ್ ಅಚ್ಚು, ಸ್ಕ್ಯಾನ್ ಮಾಡಿದ್ದರೆ ಅದರ ಫೈಲು. ಕೇಳಿದರೆ ಕೊಡುತ್ತಾರೆ. ಅಚ್ಚಿನ ತಳಕ್ಕೆ ತಾರೀಖು ಬರೆಸಿಕೊಳ್ಳಿ, ಪೇಪರಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ ಬೀರುವಿನಲ್ಲಿಡಿ. ಎಷ್ಟೋ ವರ್ಷ ಆದಮೇಲೆ ರಿಟೇನರ್ ಮುರಿದರೂ, ಹಲ್ಲು ಸರಿದಿಲ್ಲ ಅಂದರೆ ಅದೇ ಅಚ್ಚಿನ ಮೇಲೆ ಯಾವ ಊರಿನ ಲ್ಯಾಬ್‌ನವರು ಬೇಕಾದರೂ ಹೊಸದು ಒತ್ತಿಕೊಡುತ್ತಾರೆ.